ತೃಪ್ತಿ ಎಷ್ಟೆಂದು ಕೇಳಬೇಡಿ, ಏನಾಯಿತೆಂದು ಕೇಳಿ

ಬೆಂಗಳೂರಿನ ಜನ 1994ರಲ್ಲಿ ತಮ್ಮ ಊರಿನ ಸರ್ಕಾರಿ ಸಂಸ್ಥೆಗಳಿಗೆ ಅಂಕ ಕೊಟ್ಟರು. ಬಿಡಿಎ ಜತೆ ವ್ಯವಹಾರ ಮಾಡಿದವರಲ್ಲಿ ‘ತೃಪ್ತಿಯಾಗಿದೆ’ ಎಂದವರು ನೂರಕ್ಕೆ ಒಬ್ಬರು. ‘ತೃಪ್ತಿಯಿಲ್ಲ’ ಎಂದವರು 65 ಮಂದಿ. ಉಳಿದವರು ನಡುವೆ ಎಲ್ಲೋ ನಿಂತಿದ್ದರು. ಜಲಮಂಡಳಿಗೆ ಸಿಕ್ಕ ತೃಪ್ತಿ ನೂರಕ್ಕೆ ನಾಲ್ಕು, ಪಾಲಿಕೆಗೆ ಐದು, ವಿದ್ಯುತ್ ಮಂಡಳಿಗೆ ಆರು, ಟೆಲಿಫೋನ್ ಇಲಾಖೆಗೆ ಒಂಬತ್ತು. ಸರ್ಕಾರಿ ಆಸ್ಪತ್ರೆಗಳಿಗೆ ಸಿಕ್ಕ ಇಪ್ಪತ್ತೈದೇ ಆ ಪಟ್ಟಿಯಲ್ಲಿ ದೊಡ್ಡ ಅಂಕ ಎನ್ನಿಸುವಂತಿತ್ತು.

ಇಂದು ಪ್ರಪಂಚದ ನಾನಾ ನಗರಗಳಲ್ಲಿ ‘ಸಿಟಿಜನ್ ರಿಪೋರ್ಟ್ ಕಾರ್ಡ್’ ಎಂಬ ಹೆಸರಿನಲ್ಲಿ ನಡೆಯುವ ಕೆಲಸಕ್ಕೆ ದಾರಿ ಹಾಕಿಕೊಟ್ಟದ್ದು ಈ ಪಟ್ಟಿ. ಅಹಮದಾಬಾದಿನ ಐಐಎಂನ ನಿರ್ದೇಶಕರಾಗಿ, ವಿಶ್ವಬ್ಯಾಂಕಿನಲ್ಲೂ ಕೆಲಸ ಮಾಡಿ ಬೆಂಗಳೂರಿಗೆ ಬಂದು ನೆಲೆಸಿದ್ದ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಇದರ ಹಿಂದಿದ್ದವರು. ಸೋಪು, ಟೂತ್‌ಪೇಸ್ಟ್ ಮಾರುವ ಕಂಪನಿಗಳು ಗಿರಾಕಿಯ ಅಭಿಪ್ರಾಯ ಕೇಳಲು ಸಮೀಕ್ಷೆ ಮಾಡಿಸುತ್ತವೆ. ನೀರು, ಕರೆಂಟು, ಕಸದ ವಿಷಯದಲ್ಲಿ ಜನರಿಗೆ ಬೇರೆ ಅಂಗಡಿಗೆ ಹೋಗುವ ಅವಕಾಶವೇ ಇಲ್ಲ. ಹಾಗಿರುವಾಗ ಅವರ ಅಭಿಪ್ರಾಯ ಕೇಳುವುದು ಇನ್ನೂ ಅಗತ್ಯವಲ್ಲವೇ ಎಂಬುದು ಅವರ ವಾದ. ಕೆಲವು ಸ್ನೇಹಿತರೊಡನೆ ಸೇರಿ, ಮಾರುಕಟ್ಟೆ ಸಮೀಕ್ಷೆ ಮಾಡುವ ಸಂಸ್ಥೆಯೊಂದರ ನೆರವಿನಿಂದ ಸಾವಿರದ ಚಿಲ್ಲರೆ ಮನೆಗಳಿಗೆ ಹೋಗಿ ಉತ್ತರ ಬರೆಸಿಕೊಂಡರು. ಮಧ್ಯಮ ವರ್ಗದ ಮನೆಗಳನ್ನೂ ಕೊಳೆಗೇರಿಗಳ ಮನೆಗಳನ್ನೂ ಬೇರೆ ಬೇರೆಯಾಗಿ ಆರಿಸಿದರು. ಒಂದರಿಂದ ಏಳರವರೆಗಿನ ಅಳತೆಯಲ್ಲಿ ಅಂಕ ಕೇಳಿದರು. ಅದೇ ವರ್ಷ ಹುಟ್ಟಿದ ‘ಪಬ್ಲಿಕ್ ಅಫೇರ್ಸ್ ಸೆಂಟರ್’ ಈ ಕೆಲಸವನ್ನು ಮುಂದೆ ಕೈಗೆತ್ತಿಕೊಂಡಿತು.

ಫಲಿತಾಂಶ ಕಪಾಟು ಸೇರಲಿಲ್ಲ. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆ ವಾರಕ್ಕೊಂದು ಸಂಸ್ಥೆಯಂತೆ ಅಂಕಗಳನ್ನು ಬಿಡಿಸಿ ಪ್ರಕಟಿಸಿತು. ಎಲ್ಲಕ್ಕಿಂತ ಕಡಿಮೆ ಅಂಕ ಪಡೆದ ಬಿಡಿಎಯೇ ಎಲ್ಲರಿಗಿಂತ ಮೊದಲು ಮಾತುಕತೆಗೆ ಕರೆಯಿತು. ಹಲವು ಸಂಸ್ಥೆಗಳು ಮೊದಮೊದಲು ಸುಮ್ಮನಿದ್ದವು. ಸಮೀಕ್ಷೆ ಮತ್ತೆ 1999ರಲ್ಲಿ ನಡೆಯಿತು, 2003ರಲ್ಲಿ ಮೂರನೆಯ ಬಾರಿ ನಡೆಯಿತು. ಬಿಡಿಎ ತೃಪ್ತಿಯ ಅಂಕ 1ರಿಂದ 16ಕ್ಕೂ, 16ರಿಂದ 85ಕ್ಕೂ ಏರಿತು. ಇಷ್ಟನ್ನೇ ಓದಿದರೆ ಕಥೆ ಸುಖಾಂತ್ಯ ಕಂಡಿತು ಅನ್ನಿಸುತ್ತದೆ. ನಾನು ಅದನ್ನು ಹಾಗೆ ಓದುವುದಿಲ್ಲ. ಕಾರಣ ಅದೇ ಸಮೀಕ್ಷೆಯ ಇನ್ನೊಂದು ಅಂಕಣದಲ್ಲಿದೆ.

ಆ ಅಂಕಣದಲ್ಲಿದ್ದ ಪ್ರಶ್ನೆ: ಕೆಲಸ ಮಾಡಿಸಿಕೊಳ್ಳಲು ಲಂಚ ಕೊಟ್ಟಿರಾ? 1994ರಲ್ಲಿ ಸಾಮಾನ್ಯ ಬಡಾವಣೆಗಳ ಮನೆಗಳಲ್ಲಿ ನೂರಕ್ಕೆ 14 ಮಂದಿ, ಅಂದರೆ ಏಳರಲ್ಲಿ ಒಬ್ಬರು, ಹೌದು ಎಂದರು. ಕೊಳೆಗೇರಿಗಳಲ್ಲಿ ಮೂರರಲ್ಲಿ ಒಬ್ಬರು ಹೌದು ಎಂದರು. ಐದು ವರ್ಷ ಕಳೆದು 1999ರ ಸಮೀಕ್ಷೆ ಬಂದಾಗ ಹೆಚ್ಚು ಕಡಿಮೆ ಎಲ್ಲ ಸಂಸ್ಥೆಗಳ ತೃಪ್ತಿಯ ಅಂಕವೂ ಮೇಲೇರಿತ್ತು. ಪಾಲಿಕೆಯದು 5ರಿಂದ 41ಕ್ಕೆ ಹೋಗಿತ್ತು. ಆದರೆ ಲಂಚ ಕೊಟ್ಟವರ ಪ್ರಮಾಣವೂ ಏರಿತ್ತು; 14 ಇದ್ದದ್ದು 22 ಆಗಿತ್ತು.

ತೃಪ್ತಿಯೂ ಹೆಚ್ಚಿತು, ಲಂಚವೂ ಹೆಚ್ಚಿತು. ಸಮೀಕ್ಷೆ ತಪ್ಪಿರಬೇಕು ಎಂದು ತಳ್ಳಿಹಾಕಬೇಕಾಗಿಲ್ಲ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ಖಾತೆ ಬದಲಾವಣೆಗೆ ಆರು ತಿಂಗಳು ಅಲೆದವರಿಗಿಂತ, ದುಡ್ಡು ಕೊಟ್ಟು ಆರು ದಿನದಲ್ಲಿ ಮಾಡಿಸಿಕೊಂಡವರಿಗೆ ಸಮಾಧಾನ ಜಾಸ್ತಿ. ಮಧ್ಯವರ್ತಿಯ ಕೈಗೆ ಕಾಗದ ಕೊಟ್ಟು ಮನೆಯಲ್ಲಿ ಕೂತವರು ‘ಕೆಲಸ ಆಯ್ತು, ತೊಂದರೆ ಏನಿಲ್ಲ’ ಎನ್ನುತ್ತಾರೆ. ತೃಪ್ತಿ ಕೇಳುವ ಪ್ರಶ್ನೆಗೆ ಅದು ಪ್ರಾಮಾಣಿಕ ಉತ್ತರವೇ. ಕಚೇರಿ ಹೇಗೆ ನಡೆಯುತ್ತಿದೆ ಎಂಬುದಕ್ಕೆ ಮಾತ್ರ ಅದು ಉತ್ತರವಲ್ಲ. ರಿಪೋರ್ಟ್ ಕಾರ್ಡಿನ ಜೀವ ತೃಪ್ತಿಯ ಅಂಕದಲ್ಲಿಲ್ಲ. ಏನಾಯಿತು ಎಂದು ಕೇಳುವ ಪ್ರಶ್ನೆಗಳಲ್ಲಿದೆ. ಆದರೆ ಪತ್ರಿಕೆಯ ತಲೆಬರಹಕ್ಕೆ, ಮಂತ್ರಿಗಳ ಭಾಷಣಕ್ಕೆ, ಪ್ರಶಸ್ತಿ ಫಲಕಕ್ಕೆ ಏರುವುದು ತೃಪ್ತಿಯ ಅಂಕವೇ.

ಮನೆ ಬಾಗಿಲಲ್ಲಿ ನಿಂತು ಈ ಪ್ರಶ್ನೆ ಕೇಳುವಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಸಮೀಕ್ಷೆಗೆ ಬಂದ ಹುಡುಗಿ ಕೇಳುತ್ತಾಳೆ: ‘ಅಮ್ಮಾ, ನಲ್ಲಿ ನೀರಿನ ವ್ಯವಸ್ಥೆ ನಿಮಗೆ ತೃಪ್ತಿ ತಂದಿದೆಯಾ?’ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಉತ್ತರಿಸುತ್ತಾರೆ: ‘ಈಗ ಚೆನ್ನಾಗಿದೆ ಕಣಮ್ಮ, ಮೊದಲಿನ ಹಾಗಿಲ್ಲ.’ ಹುಡುಗಿ ‘ತೃಪ್ತಿ’ ಎಂಬಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಬಹುದು. ಅಲ್ಲೇ ನಿಂತು ಇನ್ನೆರಡು ಮಾತು ಕೇಳಿದರೆ ಸಂಗತಿ ಹೊರಬರುತ್ತದೆ. ಎಷ್ಟು ದಿನಕ್ಕೊಮ್ಮೆ ನೀರು? ಎರಡು ದಿನಕ್ಕೊಮ್ಮೆ. ಎಷ್ಟು ಹೊತ್ತಿಗೆ? ರಾತ್ರಿ ಹನ್ನೊಂದಕ್ಕೆ ಬಿಟ್ಟರೆ ಒಂದೂವರೆ ತನಕ. ಯಾರು ಹಿಡಿಯುತ್ತಾರೆ? ನಾನೇ. ಮೊದಲು ಹೇಗಿತ್ತು? ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ಬರುವ ಹೊತ್ತೂ ಗೊತ್ತಾಗುತ್ತಿರಲಿಲ್ಲ.

ಅದೇ ಸಮೀಕ್ಷೆ ಎರಡು ರಸ್ತೆ ಆಚೆಯ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ಅಲ್ಲಿ ಸಂಪು ಇದೆ, ಬೋರ್‌ವೆಲ್ ಇದೆ, ಕೊರತೆ ಬಿದ್ದರೆ ಟ್ಯಾಂಕರ್ ಬರುತ್ತದೆ. ನಲ್ಲಿ ತಿರುಗಿಸಿದರೆ ಯಾವಾಗಲೂ ನೀರು. ಆದರೆ ಕಳೆದ ವಾರ ಜಲಮಂಡಳಿಯ ನೀರು ಒಂದು ದಿನ ತಡವಾಗಿ ಟ್ಯಾಂಕರಿಗೆ ದುಡ್ಡು ಕೊಡಬೇಕಾಯಿತು. ಅಲ್ಲಿನ ಉತ್ತರ: ‘ತೃಪ್ತಿಯಿಲ್ಲ.’ ಕಾಗದದ ಮೇಲೆ ಮೊದಲ ಬೀದಿ ಸುಖವಾಗಿದೆ, ಎರಡನೆಯದು ಕಷ್ಟದಲ್ಲಿದೆ. ಈ ಅಂಕ ನೋಡಿ ಜಲಮಂಡಳಿಯ ಎಂಜಿನಿಯರ್ ಹೊಸ ಪೈಪ್‌ಲೈನ್ ಎಲ್ಲಿ ಹಾಕಬೇಕೆಂದು ನಿರ್ಧರಿಸಿದರೆ, ರಾತ್ರಿ ಒಂದೂವರೆವರೆಗೆ ಕೊಡ ತುಂಬಿಸುವ ಹೆಂಗಸಿಗೆ ಅನ್ಯಾಯವಾಗುತ್ತದೆ. ತೃಪ್ತಿಯಲ್ಲಿ ಎರಡು ಸಂಗತಿ ಬೆರೆತಿರುತ್ತವೆ: ಸಿಕ್ಕಿದ್ದೆಷ್ಟು, ಸಿಗಬೇಕು ಎಂದುಕೊಂಡದ್ದೆಷ್ಟು. ಬಡವರು ಸರ್ಕಾರದಿಂದ ಹೆಚ್ಚು ನಿರೀಕ್ಷಿಸುವುದನ್ನೇ ಬಿಟ್ಟುಬಿಟ್ಟಿರುತ್ತಾರೆ. ಹಾಗಾಗಿ ಸ್ವಲ್ಪ ಸಿಕ್ಕಿದರೂ ಅವರ ಅಂಕ ಏರುತ್ತದೆ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. ಅಮೆರಿಕದ ಬ್ರಯಾನ್ ಸ್ಟಿಪಾಕ್ ಎಂಬ ಸಂಶೋಧಕ ಲಾಸ್ ಏಂಜಲೀಸ್ ಪ್ರದೇಶದ ಸೇವೆಗಳನ್ನು ನೋಡಿ, 1979ರಲ್ಲೇ ಎಚ್ಚರಿಸಿದ್ದರು: ನಾಗರಿಕರ ತೃಪ್ತಿಗೂ ಸೇವೆಯ ಅಳೆದು ನೋಡಿದ ಗುಣಮಟ್ಟಕ್ಕೂ ಹೇಳಿಕೊಳ್ಳುವಂಥ ನಂಟು ಕಾಣುತ್ತಿಲ್ಲ, ಹಾಗಾಗಿ ತೃಪ್ತಿಯನ್ನೇ ಕಾರ್ಯಕ್ಷಮತೆಯ ಅಳತೆ ಎಂದು ಬಳಸಬೇಡಿ ಎಂದು. ಜನರಿಗೆ ಏನೂ ತಿಳಿಯುವುದಿಲ್ಲ ಎಂದು ಇದರ ಅರ್ಥವಲ್ಲ. ನ್ಯೂಯಾರ್ಕಿನಲ್ಲಿ ತರಬೇತಾದ ತಪಾಸಕರು ಬೀದಿಗಳನ್ನು ಸುತ್ತಿ, ಮಾದರಿ ಫೋಟೊಗಳಿಗೆ ಹೋಲಿಸಿ ಕಸಕ್ಕೆ ಅಂಕ ಹಾಕುವ ಪದ್ಧತಿ 1970ರ ದಶಕದಿಂದಲೂ ಇದೆ. ಆ ಅಂಕಗಳನ್ನು ಅದೇ ಪ್ರದೇಶದ ಜನರ ಅಭಿಪ್ರಾಯದ ಪಕ್ಕದಲ್ಲಿಟ್ಟು 2008ರಲ್ಲಿ ಗ್ರೆಗ್ ವ್ಯಾನ್ ರೈಜಿನ್ ಮತ್ತು ಸಂಗಡಿಗರು ನೋಡಿದಾಗ ಎರಡೂ ಚೆನ್ನಾಗಿ ತಾಳೆಯಾದವು. ಮನೆ ಮುಂದಿನ ಕಸ ದಿನವೂ ಕಣ್ಣಿಗೆ ಬೀಳುತ್ತದೆ; ಅದರ ಬಗ್ಗೆ ಜನರ ಮಾತು ನಂಬಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ, ಪಾಲಿಕೆಯ ಟೆಂಡರಿನಲ್ಲಿ ದುಡ್ಡು ಎಲ್ಲಿ ಸೋರಿತು ಎಂಬುದನ್ನು ಮನೆ ಬಾಗಿಲಲ್ಲಿ ಕೇಳಿ ತಿಳಿಯಲಾಗದು. ಯಾವುದನ್ನು ಜನರ ಬಾಯಿಂದ ಕೇಳಬೇಕು, ಯಾವುದನ್ನು ಲ್ಯಾಬಿಗೋ ಆಡಿಟಿಗೋ ಬಿಡಬೇಕು ಎಂದು ಮೊದಲೇ ಬೇರ್ಪಡಿಸಿಕೊಳ್ಳುವುದು ಪ್ರಶ್ನಾವಳಿ ಬರೆಯುವವರ ಮೊದಲ ಕೆಲಸ.

ಇನ್ನು ಅಂಕದ ಲೆಕ್ಕ. ಇಲ್ಲಿ ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲದಿದ್ದರೂ ಮೋಸ ಹೋಗುವುದು ಸುಲಭ. ಏಳು ಅಂಕದ ಅಳತೆಯಲ್ಲಿ ನೂರು ಮಂದಿ ಒಂದು ಕಚೇರಿಗೆ ಅಂಕ ಕೊಟ್ಟರು ಎಂದುಕೊಳ್ಳಿ. ನಾಲ್ವರು 7 ಕೊಟ್ಟರು, ಹನ್ನೊಂದು ಮಂದಿ 6, ಇಪ್ಪತ್ತೈದು ಮಂದಿ 5, ಮೂವತ್ತು ಮಂದಿ 4. ಮಿಕ್ಕ ಮೂವತ್ತು ಮಂದಿ ಅದಕ್ಕಿಂತ ಕೆಳಗೆ. ತೃಪ್ತರೆಷ್ಟು? 6 ಮತ್ತು 7 ಕೊಟ್ಟವರು ಮಾತ್ರ ತೃಪ್ತರು ಎಂದರೆ 15. 5 ಕೊಟ್ಟವರನ್ನೂ ಸೇರಿಸಿದರೆ 40. ನಡುವಿನ 4 ಅನ್ನೂ ‘ಭಾಗಶಃ ತೃಪ್ತಿ’ ಎಂದು ಎಣಿಸಿದರೆ 70. ಜನ ಅವರೇ, ಉತ್ತರ ಅದೇ, ಕಚೇರಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೂ 15 ಹೋಗಿ 70 ಆಯಿತು. ಹಾಗಾಗಿ ಎರಡು ವರ್ಷಗಳ ಅಂಕಗಳನ್ನು ಹೋಲಿಸುವ ಯಾರೇ ಆಗಲಿ, ಮೊದಲು ಪ್ರಶ್ನೆಯ ಮಾತು ಅದೇ ಇತ್ತೇ, ಎಷ್ಟು ಮನೆಗಳ ಅಳತೆ, ಗೆರೆಯನ್ನು ಎಲ್ಲಿ ಎಳೆದರು ಎಂಬ ಮೂರನ್ನೂ ನೋಡಬೇಕು. ‘ಪೂರ್ಣ ತೃಪ್ತಿ’ ಮತ್ತು ‘ಭಾಗಶಃ ತೃಪ್ತಿ’ ಎರಡನ್ನೂ ಕೂಡಿಸಿ ಹೇಳಿದ ಅಂಕ ಕಂಡರೆ ಅವುಗಳನ್ನು ಬಿಡಿಸಿ ಕೊಡಿ ಎಂದು ಕೇಳಬೇಕು.

ಎಷ್ಟು ಜನರನ್ನು ಕೇಳಿದರು ಎಂಬುದು ಇನ್ನೊಂದು ಸಂಗತಿ. ಸರಿಯಾಗಿ ಆರಿಸಿದ ಸಾವಿರ ಮನೆಗಳಿದ್ದರೆ ಇಡೀ ನಗರದ ಬಗ್ಗೆ ಮೂರು ಅಂಕ ಆಚೀಚೆಯಷ್ಟು ಖಚಿತವಾಗಿ ಮಾತಾಡಬಹುದು. ಲಕ್ಷಾಂತರ ಮನೆಗಳ ಊರಿಗೆ ಸಾವಿರ ಸಾಕೇ ಎಂದು ಅಧಿಕಾರಿಗಳು ಗೇಲಿ ಮಾಡುವುದುಂಟು. ಅದು ಸರಿಯಲ್ಲ, ನಗರದ ಒಟ್ಟು ಚಿತ್ರಕ್ಕೆ ಅಷ್ಟು ಸಾಕು. ತೊಂದರೆ ಬರುವುದು ಅದನ್ನು ಹೋಳು ಮಾಡಿದಾಗ. ಸಾವಿರ ಮನೆಗಳಲ್ಲಿ ಕಳೆದ ಕೆಲವು ತಿಂಗಳಲ್ಲಿ ಬಿಡಿಎಗೆ ಹೋದವರು ಅರವತ್ತು ಮಂದಿ ಇದ್ದಾರೆ ಎಂದುಕೊಳ್ಳಿ. ಬಿಡಿಎ ಬಗೆಗಿನ ಅಂಕವೆಲ್ಲ ಆ ಅರವತ್ತು ಮಂದಿಯದು. ಅವರಲ್ಲಿ ಅರ್ಧದಷ್ಟು ಮಂದಿ ತೃಪ್ತಿ ಎಂದರೆ, ನಿಜವಾದ ಪ್ರಮಾಣ 37 ಇರಬಹುದು, 63 ಕೂಡ ಇರಬಹುದು. ಮುಂದಿನ ಸಮೀಕ್ಷೆಯಲ್ಲಿ 50 ಹೋಗಿ 58 ಆದರೆ ಸುಧಾರಣೆ ಎಂದು ಸಂಭ್ರಮಿಸುವಂತಿಲ್ಲ, 42 ಆದರೆ ಆಯುಕ್ತರನ್ನು ವರ್ಗ ಮಾಡುವಂತೆಯೂ ಇಲ್ಲ. ಬೆಂಗಳೂರಿಗೆ 198 ವಾರ್ಡುಗಳಿದ್ದ ಕಾಲದಲ್ಲಿ ಸಾವಿರ ಮನೆಗಳನ್ನು ಹಂಚಿದರೆ ವಾರ್ಡಿಗೆ ಐದೇ ಮನೆ ಬೀಳುತ್ತಿತ್ತು. ಅಂಥ ಸಮೀಕ್ಷೆಯಿಂದ ‘ಅತ್ಯುತ್ತಮ ವಾರ್ಡ್’ ಎಂದು ಪಟ್ಟಿ ಮಾಡಿದರೆ ಅದಕ್ಕೆ ಬೆಲೆಯಿಲ್ಲ. ಆದರೆ ಕಾರ್ಪೊರೇಟರುಗಳಿಗೂ ಪತ್ರಿಕೆಗಳಿಗೂ ಬೇಕಾಗಿರುವುದು ಅಂಥ ಪಟ್ಟಿಯೇ.

ಮತ್ತೆ ಬಿಡಿಎಯ 85ಕ್ಕೆ ಬರೋಣ. ಆ ಏರಿಕೆಯ ಹಿಂದೆ ನಿಜವಾದ ಕೆಲಸ ಇತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾದ ವರ್ಷವೇ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆ ರಚನೆಯಾಯಿತು. ಪಾಲಿಕೆ, ಬಿಡಿಎ, ಜಲಮಂಡಳಿ ಮುಂತಾದ ಸಂಸ್ಥೆಗಳ ಮುಖ್ಯಸ್ಥರು ಮುಖ್ಯಮಂತ್ರಿಯ ಎದುರು, ತುಂಬಿದ ಸಭೆಯಲ್ಲಿ, ಇಂತಿಷ್ಟು ತಿಂಗಳಲ್ಲಿ ಇಂತಿಷ್ಟು ಮಾಡುತ್ತೇವೆ ಎಂದು ಹೇಳಿ, ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕಾಗಿತ್ತು. ಆಯುಕ್ತರಾಗಿದ್ದ ಜಯಕರ್ ಜೆರೋಮ್ ಅವರ ಅವಧಿಯಲ್ಲಿ ಬಿಡಿಎ ಒತ್ತುವರಿ ಜಾಗ ಬಿಡಿಸಿಕೊಂಡಿತು, ಹೊಸ ಬಡಾವಣೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ನಿವೇಶನ ಹಂಚಿತು. ಪಾಲಿಕೆಯಲ್ಲಿ 2000ದಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ಬಂದು, ತೆರಿಗೆ ಕಟ್ಟಲು ರೆವಿನ್ಯೂ ಇನ್‌ಸ್ಪೆಕ್ಟರ ಮರ್ಜಿ ಕಾಯುವುದು ತಪ್ಪಿತು. ಇದೆಲ್ಲ ರಿಪೋರ್ಟ್ ಕಾರ್ಡಿನಿಂದಲೇ ಆಯಿತೇ? ಕಾರ್ಡು ಒತ್ತಡ ಹುಟ್ಟಿಸಿತು, ಏನು ಕೆಟ್ಟಿದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಆಧಾರ ಕೊಟ್ಟಿತು. ಆ ಒತ್ತಡವನ್ನು ಕೆಲಸವಾಗಿಸಿದ್ದು ಮೇಲೆ ಕೂತ ಮುಖ್ಯಮಂತ್ರಿ ಮತ್ತು ಒಬ್ಬಿಬ್ಬರು ಗಟ್ಟಿ ಅಧಿಕಾರಿಗಳು. 1994ರಲ್ಲೂ ಅದೇ ಕಾರ್ಡು ಇತ್ತು, ಆಗ ಕೇಳುವವರು ಇರಲಿಲ್ಲ. ಐದು ವರ್ಷವಾದರೂ ಬಿಡಿಎ 16 ದಾಟಲಿಲ್ಲ. ನಿವೇಶನ ಸಿಕ್ಕವರ ತೃಪ್ತಿ ಮತ್ತು ನಿವೇಶನಕ್ಕೆ ಜಮೀನು ಬಿಟ್ಟುಕೊಟ್ಟ ರೈತರ ತೃಪ್ತಿ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಆ ರೈತರು ಬಿಡಿಎಯ ಗಿರಾಕಿಗಳಾಗಿ ಸಮೀಕ್ಷೆಯ ಪಟ್ಟಿಗೆ ಬರುವುದಿಲ್ಲ.

ಒತ್ತಡ ಹಾಕುವ ಅಂಕ ಒಂದು ಬಗೆ. ಬಹುಮಾನಕ್ಕೆ ಕಟ್ಟಿದ ಅಂಕ ಬೇರೆಯೇ ಬಗೆ. ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆ ಎಲ್ಲರಿಗೂ ಗೊತ್ತು. ಮೊದಲ ವರ್ಷಗಳಲ್ಲಿ ಮೈಸೂರು ಅದರಲ್ಲಿ ಮೆರೆದಿತ್ತು. 2018ರ ಸುತ್ತಿನಲ್ಲಿ ಒಟ್ಟು 4,000 ಅಂಕಗಳಲ್ಲಿ 1,400 ನಾಗರಿಕರ ಅಭಿಪ್ರಾಯಕ್ಕೆ ಮೀಸಲಿತ್ತು. ಜನ 1969ಕ್ಕೆ ಕರೆ ಮಾಡಿ ಉತ್ತರಿಸಬಹುದಿತ್ತು. ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ನಿಮ್ಮ ನಗರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಭಾಗವಹಿಸುತ್ತಿದೆ ಎಂಬುದು ನಿಮಗೆ ಗೊತ್ತೇ? ಈ ಪ್ರಶ್ನೆಗೆ ಹೌದು ಎಂಬ ಉತ್ತರ ಬರಬೇಕಾದರೆ ಕಸ ಎತ್ತಬೇಕಿಲ್ಲ, ಗೋಡೆಗೆ ಬಣ್ಣ ಹಚ್ಚಿ ಸ್ಪರ್ಧೆಯ ಹೆಸರು ಬರೆಸಿದರೆ ಸಾಕು. ಪೌರಕಾರ್ಮಿಕರಿಗೆ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿದ ಊರಿನಲ್ಲೂ ಗೋಡೆ ಬರಹಕ್ಕೆ ದುಡ್ಡು ಹೊಂದಿಸಬಹುದು. ಆ್ಯಪ್ ಡೌನ್‌ಲೋಡ್ ಮಾಡಿಸುವುದಕ್ಕೂ ಅಂಕ ಇದ್ದದ್ದರಿಂದ ಸಿಬ್ಬಂದಿಗೆ ಗುರಿ ಕೊಟ್ಟು ಬೀದಿಗೆ ಕಳಿಸಿದ ನಗರಗಳೂ ಇದ್ದವು. ಅಭಿಪ್ರಾಯ ಕೇಳಲು ಬಂದವರು ಅಂಕ ಪಡೆಯಬೇಕಾದ ಪಾಲಿಕೆಯ ನೌಕರರೇ ಆಗಿರುವಾಗ, ಅವರೆದುರು ‘ಕೆಟ್ಟದಾಗಿದೆ’ ಎನ್ನಲು ಎಷ್ಟು ಮಂದಿ ಬಾಯಿ ತೆರೆಯುತ್ತಾರೆ? ನಾಳೆ ಬೆಳಿಗ್ಗೆ ಕಸದ ಗಾಡಿ ತರುವವರೂ ಅವರೇ ಅಲ್ಲವೇ.

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರ ಮಾರ್ಚ್ 4ರಂದು ಒಟ್ಟಿಗೇ ಬಿಡುಗಡೆ ಮಾಡಿದ ಎರಡು ಪಟ್ಟಿಗಳು ಈ ಗೊಂದಲವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತವೆ. ಒಂದು ಜೀವನ ಸುಗಮತೆ ಸೂಚ್ಯಂಕ. ಅದರಲ್ಲಿ ನೂರಕ್ಕೆ 30 ತೂಕ ನಾಗರಿಕರ ಅಭಿಪ್ರಾಯಕ್ಕೆ ಕೊಟ್ಟಿದ್ದರು. 111 ನಗರಗಳಿಂದ 32 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದ್ದರು. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರು ಮೊದಲ ಸ್ಥಾನ ಪಡೆಯಿತು. ಇನ್ನೊಂದು, ಪಾಲಿಕೆಗಳ ಕಾರ್ಯಕ್ಷಮತೆಯ ಸೂಚ್ಯಂಕ. ಅದರಲ್ಲಿ ಬೆಂಗಳೂರಿನದು 51ರಲ್ಲಿ 31ನೇ ಸ್ಥಾನ. ಒಂದೇ ಊರು, ಒಂದೇ ದಿನ, ಮೊದಲನೆಯದೂ ಹೌದು, ಮೂವತ್ತೊಂದನೆಯದೂ ಹೌದು. ಸುಳ್ಳು ಇದರಲ್ಲಿ ಯಾವುದೂ ಇಲ್ಲ. ಮೊದಲ ಪಟ್ಟಿಯಲ್ಲಿ ಉದ್ಯೋಗ, ಆದಾಯ, ಶಿಕ್ಷಣ, ಆರೋಗ್ಯ ಎಲ್ಲ ಸೇರಿವೆ; ಅವು ಪಾಲಿಕೆಯ ದುಡಿಮೆಯ ಫಲವಲ್ಲ. ಎರಡನೆಯದು ಪಾಲಿಕೆಯ ಸೇವೆ, ಹಣಕಾಸು, ಯೋಜನೆ, ಆಡಳಿತ ನೋಡುತ್ತದೆ. ಗೋಡೆಗೆ ಅಂಟಿಸಲು ಮೊದಲನೆಯದು ಸಾಕು. ರಸ್ತೆ ಗುಂಡಿ ಯಾರು ಮುಚ್ಚಬೇಕು ಎಂದು ಕೇಳುವವರು ಎರಡನೆಯದನ್ನು ಓದಬೇಕು.

ಆ ಮೊದಲ ಪಟ್ಟಿಯೊಳಗೆ ನಾಗರಿಕರ ಅಭಿಪ್ರಾಯದ ಅಂಕಗಳನ್ನು ಮಾತ್ರ ಬೇರೆ ತೆಗೆದು ನೋಡಿದರೆ ಮೇಲಿದ್ದದ್ದು ಭುವನೇಶ್ವರ. ಆಮೇಲಿನ ಸಾಲಿನಲ್ಲಿ ಸಿಲ್ವಾಸಾ, ನಮ್ಮ ದಾವಣಗೆರೆ, ಕಾಕಿನಾಡ, ಬಿಲಾಸ್‌ಪುರ, ಭಾಗಲ್ಪುರ ಇದ್ದವು. ಒಂದು ಮಹಾನಗರವೂ ಇಲ್ಲ. ದಾವಣಗೆರೆಯ ಜನ ತಮ್ಮ ಊರನ್ನು ಮೆಚ್ಚಿದರು ಎಂಬುದು ಸಂತೋಷದ ಮಾತೇ. ಆದರೆ ಇದರಿಂದ ದಾವಣಗೆರೆಯ ನೀರು ಸರಬರಾಜು ಬೆಂಗಳೂರಿಗಿಂತ ಚೆನ್ನಾಗಿದೆ ಎಂಬ ತೀರ್ಮಾನಕ್ಕೆ ಬರಲಾಗದು, ಬೆಂಗಳೂರಿಗಿಂತ ಕೆಟ್ಟದಾಗಿದೆ ಎನ್ನಲೂ ಆಗದು. ಮನೆ ಬಾಗಿಲಿಗೆ ಹೋಗಿ ಕೇಳಿದ್ದೂ ಉಂಟು, ಆನ್‌ಲೈನ್‌ನಲ್ಲಿ ತಾವಾಗಿ ಬಂದು ಉತ್ತರಿಸಿದ್ದೂ ಉಂಟು. ತಾವಾಗಿ ಬಂದವರು ಯಾರು, ಯಾರು ಬರಲಿಲ್ಲ ಎಂದು ತಿಳಿಯದೆ ಮೂವತ್ತೆರಡು ಲಕ್ಷ ಎಂಬ ಸಂಖ್ಯೆಯ ಗಾತ್ರ ನೋಡಿ ಬೆರಗಾಗಬಾರದು. ಆರಿಸಿ ಕೇಳಿದ ಸಾವಿರ ಮಂದಿಯ ಮಾತಿಗೆ, ಆರಿಸದೆ ಬಂದ ಲಕ್ಷ ಮಂದಿಯ ಮಾತಿಗಿಂತ ತೂಕ ಜಾಸ್ತಿ.

ಹಾಗಾದರೆ ಸಮೀಕ್ಷೆ ಬೇಡವೇ? ಖಂಡಿತ ಬೇಕು. ಬೆಂಗಳೂರಿನಲ್ಲೇ ಅದರ ಅತಿ ಒಳ್ಳೆಯ ಉದಾಹರಣೆಯೂ ಇದೆ. ಪಾಲಿಕೆ ನಡೆಸುತ್ತಿದ್ದ ಹೆರಿಗೆ ಆಸ್ಪತ್ರೆಗಳಿಗೆ ಹೋಗುತ್ತಿದ್ದವರು ಬಹುತೇಕ ಬಡ ಹೆಂಗಸರು. ಪಬ್ಲಿಕ್ ಅಫೇರ್ಸ್ ಸೆಂಟರ್ ಇತರ ಸ್ವಯಂಸೇವಾ ಸಂಸ್ಥೆಗಳ ಜತೆ ಸೇರಿ ಅವರನ್ನು ಕೇಳಿತು. ಕೇಳಿದ್ದು ತೃಪ್ತಿಯೇ ಎಂದಷ್ಟೇ ಅಲ್ಲ. ಯಾವ ಕೆಲಸಕ್ಕೆ ದುಡ್ಡು ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂದು. ಹತ್ತು ಕುಟುಂಬಗಳಲ್ಲಿ ಒಂಬತ್ತು ಕುಟುಂಬ ಒಂದಲ್ಲ ಒಂದಕ್ಕೆ ಲಂಚ ಕೊಟ್ಟಿದ್ದವು. ಹೆತ್ತ ಮಗುವನ್ನು ನೋಡುವುದಕ್ಕೇ ಹತ್ತರಲ್ಲಿ ಏಳು ಕುಟುಂಬಗಳು ದುಡ್ಡು ತೆತ್ತಿದ್ದವು. ಗಂಡು ಮಗುವಿಗೆ ಒಂದು ದರ, ಹೆಣ್ಣು ಮಗುವಿಗೆ ಕಡಿಮೆ ದರ. ಇದೇ ಹೆಂಗಸರನ್ನು ‘ಆಸ್ಪತ್ರೆ ಹೇಗಿತ್ತು?’ ಎಂದು ಕೇಳಿದ್ದರೆ ಮಗು ಕೈಗೆ ಬಂದ ಸಂತೋಷದಲ್ಲಿ ಅನೇಕರು ‘ಚೆನ್ನಾಗಿತ್ತು’ ಎನ್ನುತ್ತಿದ್ದರು. ದುಡ್ಡಿನ ಪ್ರಶ್ನೆ ನೇರವಾಗಿ ಕೇಳಿದ್ದರಿಂದ ಸತ್ಯ ಹೊರಬಂತು. ಈ ಉತ್ತರಕ್ಕೆ ವ್ಯಾಖ್ಯಾನ ಬೇಕಿಲ್ಲ. ಯಾವ ವಾರ್ಡಿನಲ್ಲಿ, ಯಾವ ಹಂತದಲ್ಲಿ, ಯಾರು ಕೈ ಚಾಚುತ್ತಾರೆ ಎಂಬುದು ಆಡಳಿತಕ್ಕೆ ಗೊತ್ತಾಗುತ್ತದೆ. ಏನು ತಡೆಯಬೇಕೆಂಬುದೂ ಗೊತ್ತಾಗುತ್ತದೆ. ಆದರೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು 2005ರಲ್ಲಿ ಬೆಂಗಳೂರಿಗೆ ಬಂದು ನೋಡಿದಾಗ ಅದೇ ವಸೂಲಿ ಮುಂದುವರಿದಿತ್ತು. ಆಸ್ತಿ ತೆರಿಗೆ ಕಟ್ಟುವವರು ದನಿ ಎತ್ತಿದ ಕಡೆ ಪಾಲಿಕೆ ಬದಲಾಯಿತು. ಹೆರಿಗೆ ಆಸ್ಪತ್ರೆಗೆ ಬರುವ ಹೆಂಗಸರು ಮೂರು ದಿನ ಇದ್ದು ಮನೆಗೆ ಹೋಗುತ್ತಾರೆ, ಮತ್ತೆ ಬಂದು ಜಗಳವಾಡಲು ಅವರಿಗೆ ಪುರುಸೊತ್ತಿಲ್ಲ. ಅವರ ಪರವಾಗಿ ಪ್ರತಿ ಆರು ತಿಂಗಳಿಗೊಮ್ಮೆ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿ, ಉತ್ತರವನ್ನು ಆಸ್ಪತ್ರೆಯ ಬಾಗಿಲಿಗೇ ಅಂಟಿಸುವ ಕೆಲಸವನ್ನು ಯಾರಾದರೂ ಮಾಡಬೇಕಿತ್ತು.

ಕಚೇರಿಯ ದಾಖಲೆ ಇದ್ದರೆ ಸಮೀಕ್ಷೆ ಯಾಕೆ ಎಂದು ಕೇಳುವವರೂ ಇದ್ದಾರೆ. ಕರ್ನಾಟಕದಲ್ಲಿ 2012ರಿಂದ ಸಕಾಲ ಇದೆ. ಅರ್ಜಿ ಕೊಟ್ಟರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಬರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಎಷ್ಟು ಅರ್ಜಿ, ಎಷ್ಟು ದಿನ ಎಂಬ ಲೆಕ್ಕ ಕಂಪ್ಯೂಟರಿನಲ್ಲೇ ಸಿಗುತ್ತದೆ. ಆದರೆ ಕೌಂಟರಿನಲ್ಲಿ ‘ನಾಳೆ ಬನ್ನಿ’ ಎಂದು ಕಳಿಸಿದವರ ಅರ್ಜಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಸಂಖ್ಯೆ ಸಿಗುವ ಮುನ್ನ ಎಷ್ಟು ಸಲ ಅಲೆದರು, ದಾರಿಯಲ್ಲಿ ಯಾರ ಕೈಗೆ ಎಷ್ಟು ಇಟ್ಟರು ಎಂಬುದು ಕಂಪ್ಯೂಟರಿಗೆ ತಿಳಿಯದು. ಅದನ್ನು ತಿಳಿಯಲು ಮನೆ ಬಾಗಿಲಿಗೆ ಹೋಗಲೇಬೇಕು. ಸಮೀಕ್ಷೆಯ ನಿಜವಾದ ಜಾಗ ಅದು.

ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ರಿಪೋರ್ಟ್ ಕಾರ್ಡಿನಲ್ಲಿ ತೃಪ್ತಿಯ ಪ್ರಶ್ನೆ ಒಂದೇ ಇರಬೇಕು, ಅದೂ ಕೊನೆಯಲ್ಲಿ. ಅದಕ್ಕೆ ಮೊದಲು ಎಷ್ಟು ಸಲ ಹೋದಿರಿ, ಕೆಲಸ ಆಯಿತೇ, ಎಷ್ಟು ದಿನಕ್ಕೆ, ರಸೀದಿ ಇಲ್ಲದೆ ಏನಾದರೂ ಕೊಟ್ಟಿರಾ ಎಂಬುದು ಬರಬೇಕು. ಬಡ ಮನೆಗಳ ಉತ್ತರವನ್ನು ಬೇರೆಯಾಗಿಯೇ ಪ್ರಕಟಿಸಬೇಕು. ಏಳರಲ್ಲಿ ಒಬ್ಬರು ಮತ್ತು ಮೂರರಲ್ಲಿ ಒಬ್ಬರು ಎಂಬ 1994ರ ಎರಡು ಸಂಖ್ಯೆಗಳನ್ನು ಬೆರೆಸಿದ್ದರೆ ಕೊಳೆಗೇರಿಯ ಸಂಕಟ ಸರಾಸರಿಯೊಳಗೆ ಮುಳುಗಿಹೋಗುತ್ತಿತ್ತು. ಕೇಳುವವರು ಅಂಕ ಪಡೆಯುವ ಸಂಸ್ಥೆಯವರಾಗಿರಬಾರದು. ಆ ಅಂಕಕ್ಕೆ ಬಹುಮಾನವನ್ನೂ ಅನುದಾನವನ್ನೂ ಕಟ್ಟಬಾರದು. ಫಲಿತಾಂಶ ಬಂದ ಮೇಲೆ ಸಂಸ್ಥೆಯ ಮುಖ್ಯಸ್ಥರು ಜನರೆದುರು ನಿಂತು ಉತ್ತರ ಕೊಡುವ ದಿನವೂ ಮೊದಲೇ ಗೊತ್ತಾಗಿರಬೇಕು.

ನಿಮ್ಮ ಊರಿಗೆ ಇಂಥ ಸಮೀಕ್ಷೆಯಲ್ಲಿ ಇಂತಿಷ್ಟನೆಯ ಸ್ಥಾನ ಬಂದಿದೆ ಎಂದು ಓದಿದರೆ, ಪ್ರಶ್ನಾವಳಿಯ ಪ್ರತಿ, ಎಷ್ಟು ಜನರನ್ನು ಹೇಗೆ ಆರಿಸಿದರು, ಯಾರು ಕೇಳಿದರು ಎಂಬ ವಿವರಗಳನ್ನು ನಿಮ್ಮ ನಗರಸಭೆಯಿಂದಲೇ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಪಡೆದದ್ದನ್ನು ವಾರ್ಡ್ ಸಮಿತಿಯ ಸಭೆಗೆ ತೆಗೆದುಕೊಂಡು ಹೋಗಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಶುಲ್ಕ 10 ರೂಪಾಯಿ.